‘ವಳಿ ಎವಿಡೆ?’: ಹಳೇ ತಮಾಷೆಗೆ ಬಂದ ಹೊಸ ಬಾಲ

ಇದು ನಮ್ಮದೇ ಗುಂಪಿನಲ್ಲಿ ನಡೆದದ್ದು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಮನೆಯ ಜಗಲಿ, ಮೇ ತಿಂಗಳ ಒಂದು ಭಾನುವಾರ, ಸಂಜೆ ಐದರ ಹೊತ್ತು. ನಾವು ಆರು ಜನ ಒಂದೇ ಕನ್ನಡ ಮೀಡಿಯಂ ಶಾಲೆಯಲ್ಲಿ ಓದಿದವರು. ಈಗ ಎಲ್ಲರಿಗೂ ನಲವತ್ತೈದರ ಆಚೀಚೆ. ಹೆಸರು ಬರೆಯುವುದಿಲ್ಲ. ನಮ್ಮಲ್ಲಿ ಹೇಗೂ ಹೆಸರಿಗಿಂತ ಅಡ್ಡಹೆಸರೇ ಜಾಸ್ತಿ. ಒಬ್ಬ ‘ಬ್ಯಾಂಕು’. ಒಬ್ಬ ‘ಜೀಪು’, ಬಾಡಿಗೆಗೆ ಜೀಪು ಓಡಿಸುವವ. ಒಬ್ಬ ‘ತೋಟ’, ಎರಡೂವರೆ ಎಕರೆ ಅಡಿಕೆ ನೋಡಿಕೊಂಡು ಇರುವವ. ನಾನು ಕನ್ನಡ ಕಲಿಸುವವನಾದ್ದರಿಂದ ‘ಮಾಷ್’. ಉಳಿದಿಬ್ಬರು ಈ ಕತೆಯಲ್ಲಿ ನಗುವುದು ಬಿಟ್ಟು ಬೇರೆ ಏನೂ ಮಾಡಿದ್ದಿಲ್ಲ.

ಅವತ್ತು ಜೀಪಿನ ಮನೆಯಲ್ಲಿ ಬಕ್ಕೆ ಹಲಸಿನ ಹಣ್ಣು ಕೊಯ್ದಿದ್ದರು. ಪೇಪರ್ ಹಾಸಿ, ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಸುತ್ತ ಕೂತಿದ್ದೆವು. ತೋಟ ತನ್ನ ಮಗಳನ್ನೂ ಕರೆದುಕೊಂಡು ಬಂದಿದ್ದ. ಏಳನೇ ಕ್ಲಾಸಿನ ಹುಡುಗಿ. ನಮ್ಮ ಪಕ್ಕದಲ್ಲೇ ಕೂತು ತೊಳೆ ಬಿಡಿಸುತ್ತಿದ್ದಳು.

ತಮಾಷೆ ಏನು ಅಂತ ಮೊದಲು ಹೇಳಬೇಕು. ಮಲಯಾಳದಲ್ಲಿ ದಾರಿಗೆ ‘ವೞಿ’ ಅನ್ನುತ್ತಾರೆ. ಆ ‘ೞಿ’ ನಮ್ಮ ‘ಳಿ’ ಅಲ್ಲ. ನಾಲಿಗೆ ಮೇಲೆ ಮಡಚಬೇಕು, ಆದರೆ ಎಲ್ಲಿಯೂ ತಾಗಬಾರದು. ಅದನ್ನು ‘ವಳಿ’ ಅಂದುಬಿಟ್ಟರೆ ಅರ್ಥ ದಾರಿ ಅಲ್ಲ, ಹೊಟ್ಟೆಯ ಗಾಳಿ. ನಮ್ಮೂರಿನ ಮಲಯಾಳದಲ್ಲಿ ಈ ಕಷ್ಟ ಇಲ್ಲ, ಇಲ್ಲಿ ‘ಬಯಿ’ ಅಂದರೂ ನಡೆಯುತ್ತದೆ. ಇಪ್ಪತ್ತು ವರ್ಷದ ಹಿಂದೆ ತೋಟ ಒಂದು ಇಂಟರ್‌ವ್ಯೂಗೆ ಕೋಝಿಕ್ಕೋಡಿಗೆ ಹೋಗಿದ್ದ. ಅಲ್ಲಿ ಶುದ್ಧ ಮಲಯಾಳ ಮಾತಾಡೋಣ ಅಂತ, ದಾರಿ ಎಲ್ಲಿ ಅನ್ನುವುದನ್ನು ಗೇಟಿನಲ್ಲಿದ್ದ ಹೆಂಗಸಿನ ಹತ್ತಿರ ಗಂಭೀರವಾಗಿ ಕೇಳಿದ: ‘ವಳಿ ಎವಿಡೆ?’ ಅವರು ಬಾಯಿಗೆ ಸೆರಗು ಹಿಡಿದುಕೊಂಡರಂತೆ.

ಈ ಕತೆಯನ್ನು ನಮಗೆ ಹೇಳಿದ್ದು ತೋಟನೇ. ಮುಖ ಗಂಭೀರ ಮಾಡಿಕೊಂಡು ಅವನು ಹೇಳಿದರೆ ಹತ್ತನೇ ಸಲಕ್ಕೂ ನಗು ಬರುತ್ತಿತ್ತು. ಆಮೇಲೆ ಯಾವಾಗಲೋ ಅದನ್ನು ಬ್ಯಾಂಕು ಹೇಳಲಿಕ್ಕೆ ಶುರು ಮಾಡಿದ. ತೋಟ ಪಕ್ಕದಲ್ಲಿ ಕೂತು ನಗುವವನಾದ. ಕತೆ ಕೈ ಬದಲಾದದ್ದು ನಮಗ್ಯಾರಿಗೂ ಗೊತ್ತಾಗಲಿಲ್ಲ. ಅದರ ಪರಿಣಾಮ ಅವತ್ತು ಕಂಡಿತು.

ಆ ಸಂಜೆ ಬ್ಯಾಂಕು ಕತೆ ಪೂರ್ತಿ ಹೇಳಿದ. ಎಲ್ಲರೂ ನಕ್ಕೆವು, ತೋಟನೂ ನಕ್ಕ. ಹುಡುಗಿ ಜಾಸ್ತಿ ನಕ್ಕಳು, ಅವಳಿಗೆ ಆ ಶಬ್ದದ ಅರ್ಥ ಚೆನ್ನಾಗಿ ಗೊತ್ತು. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿ ಕಾನೂನು ಬಂದ ಮೇಲೆ ಶಾಲೆ ಸೇರಿದ ಮಕ್ಕಳು ಇವರು. ನಮಗೆ ಬರದ್ದು ಇವರಿಗೆ ನೀರು ಕುಡಿದ ಹಾಗೆ. ಅಲ್ಲಿಗೆ ನಿಂತಿದ್ದರೆ ಇದನ್ನು ನಾನು ಬರೆಯುತ್ತಿರಲಿಲ್ಲ. ನಗು ಚೆನ್ನಾಗಿ ಬಂತಲ್ವಾ, ಬ್ಯಾಂಕು ಒಂದು ಬಾಲ ಸೇರಿಸಿದ:

‘ಈಗಲೂ ಹಾಗೇ. ಮೊನ್ನೆ ಆಫೀಸಿಗೆ ಹೋಗುವಾಗ ಮಗಳನ್ನು ಕರಕೊಂಡು ಹೋಗಿದ್ದಾನೆ. ದುಭಾಷಿ!’

ಎರಡನೇ ನಗುವೂ ಬಂತು. ಆದರೆ ಅದು ಮೊದಲಿನದ್ದರ ಹಾಗೆ ಇರಲಿಲ್ಲ. ಮೊದಲ ನಗುವಿನಲ್ಲಿ ನಮ್ಮ ಕಣ್ಣು ಬ್ಯಾಂಕಿನ ಮೇಲೆ ಇತ್ತು, ಕತೆ ಹೇಳುವವನ ಮೇಲೆ. ಎರಡನೆಯದರಲ್ಲಿ ಎಲ್ಲರ ಕಣ್ಣೂ ತೋಟನ ಮುಖಕ್ಕೆ ಹೋಯಿತು, ‘ಇವನಿಗೆ ಹೇಗಾಯಿತು’ ಅಂತ ನೋಡಲಿಕ್ಕೆ. ಯಾರ ಮೇಲೆ ತಮಾಷೆ ಬಿತ್ತೋ ಅವರ ಮುಖವನ್ನು ಉಳಿದವರು ಒಟ್ಟಿಗೆ ನೋಡಿದರೆ, ನಗುವವರಿಗೇ ಒಳಗೊಳಗೆ ಸಂಶಯ ಬಂದಿದೆ ಅಂತ ಲೆಕ್ಕ. ತೋಟ ನಕ್ಕ, ಆದರೆ ಎಲ್ಲರೂ ನಕ್ಕು ಮುಗಿಸುವಾಗ. ಬಾಯಿ ಮಾತ್ರ ನಕ್ಕಿತು. ಕೈಯಲ್ಲಿ ಮಯಣ ಇಲ್ಲದಿದ್ದರೂ ಎಣ್ಣೆಯ ಬಟ್ಟಲಿಗೆ ಬೆರಳು ಅದ್ದಿ, ಒಂದೊಂದೇ ಬೆರಳನ್ನು ತಿಕ್ಕಲಿಕ್ಕೆ ಶುರು ಮಾಡಿದ. ಹುಡುಗಿ ಅಪ್ಪನನ್ನು ನೋಡಿ ಫಕ್ಕನೆ ನಗು ನಿಲ್ಲಿಸಿದಳು.

ಆಮೇಲೆ ಅವನು ಹೇಳಿದ್ದು ಇದು: ‘ಅಲ್ಲ, ಆ ಫಾರ್ಮ್ ಪೂರ್ತಿ ಮಲಯಾಳದಲ್ಲಿ ಇತ್ತು. ಕನ್ನಡದ್ದು ಮುಗಿದಿದೆ ಅಂದರು. ಅದಕ್ಕೆ…’

ತಮಾಷೆಗೆ ಒಬ್ಬ ವಿವರಣೆ ಕೊಡಲಿಕ್ಕೆ ಹೊರಟರೆ, ಮುಟ್ಟಿತು ಅಂತಲೇ ತಿಳಿಯಬೇಕು. ಪೌಲ್ ಡ್ರೂ ಎಂಬ ಬ್ರಿಟಿಷ್ ಸಂಶೋಧಕರು 1987ರಲ್ಲಿ ಇದಕ್ಕೆ ಹತ್ತಿರದ್ದನ್ನು ಬರೆದಿದ್ದಾರೆ. ದಿನನಿತ್ಯದ ಮಾತುಕತೆಯ ರೆಕಾರ್ಡಿಂಗ್‌ಗಳನ್ನು ಕೇಳಿ ಅವರು ಕಂಡದ್ದು: ಚುಡಾಯಿಸಿಕೊಂಡವರು ಅದು ತಮಾಷೆ ಅಂತ ಗೊತ್ತಿದ್ದೂ, ಕೆಲವು ಸಲ ನಗುತ್ತಲೇ, ಕೊನೆಗೆ ಗಂಭೀರವಾಗಿ ಸರಿಪಡಿಸುವ ಉತ್ತರ ಕೊಡುತ್ತಾರೆ. ತೋಟನ ‘ಅಲ್ಲ’ ಅದೇ ಜಾತಿಯದ್ದು. ವಳಿ ಕತೆಗೆ ಅವನು ಯಾವತ್ತೂ ವಿವರಣೆ ಕೊಟ್ಟದ್ದಿಲ್ಲ. ಅದು ಇಪ್ಪತ್ತು ವರ್ಷ ಹಳೆಯದು, ಕತೆಯೊಳಗಿನ ಹುಡುಗ ಈಗ ಬೇರೆಯವನು. ಬಾಲ ಹಾಗಲ್ಲ. ಮೊನ್ನೆಯದ್ದು, ನಿಜವಾದದ್ದು, ಅದೂ ಮಗಳ ಎದುರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿಯ ಕನ್ನಡಿಗರಲ್ಲಿ ಈ ಸಂಕಟ ಅನುಭವಿಸದ ಮನೆ ಕಡಿಮೆ. ಕೌಂಟರಿನ ಮುಂದೆ ಕಾಗದ ಹಿಡಿದುಕೊಂಡು, ಓದಲಿಕ್ಕೆ ಬರುವುದಿಲ್ಲ ಅಂತ ಹೇಳಲಿಕ್ಕೂ ಆಗದೆ ನಿಲ್ಲುವುದು.

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ನನಗೆ ತೋಟನ ಮುಖ ಕಂಡಿತು. ಕಂಡದ್ದೇ ನಾನು ಮಾಷ್ ಆಗಿಬಿಟ್ಟೆ. ‘ಸಾಕು ಮಾರಾಯ, ಮಕ್ಕಳೆದುರು ಎಂಥ ಮಾತು ಅದು’ ಅಂದೆ.

ಜಗಲಿ ತಣ್ಣಗಾಯಿತು. ಬ್ಯಾಂಕು ಕೆಂಪಾಗಿ, ‘ನಮ್ಮೊಳಗೆ ತಮಾಷೆ ಮಾಡ್ಲಿಕ್ಕೂ ಇಲ್ವಾ ಇನ್ನು?’ ಅಂದ. ತಕ್ಷಣ ತೋಟ, ‘ಇಲ್ಲ ಇಲ್ಲ, ನಂಗೇನೂ ಇಲ್ಲ. ಅವ ಹೇಳ್ಲಿ’ ಅಂದ.

ನನ್ನ ಒಂದು ವಾಕ್ಯ ಮಾಡಿದ ಹಾನಿ ನೋಡಿ. ಅಲ್ಲಿಯವರೆಗೆ ತೋಟ ನಗೆಗೆ ಈಡಾದವ, ಅಷ್ಟೇ. ನಾನು ಬಾಯಿ ಹಾಕಿದ ಮೇಲೆ ಪಾಪದವನಾದ, ಅದೂ ಮಗಳ ಎದುರು. ಬ್ಯಾಂಕು ತಪ್ಪು ಮಾಡಿದವನಾದ, ಇನ್ನು ಅವನು ಮರ್ಯಾದೆ ಉಳಿಸಿಕೊಳ್ಳಲಿಕ್ಕೆ ತಮಾಷೆಯನ್ನು ಸಮರ್ಥಿಸಲೇಬೇಕು. ಎಲ್ಲಕ್ಕಿಂತ ಕೆಟ್ಟದ್ದು ತೋಟನ ಬಾಯಿಂದ ‘ನಂಗೇನೂ ಇಲ್ಲ’ ಹೊರಡಿಸಿದ್ದು. ಬೇಜಾರಾದವನೇ ಬೇಜಾರು ಮಾಡಿದವನಿಗೆ ಲೈಸೆನ್ಸು ಬರೆದುಕೊಟ್ಟ ಹಾಗಾಯಿತು. ನಾಳೆ ಅವನು ನಿಜ ಹೇಳಬೇಕೆಂದರೂ ಈ ಮಾತು ಅಡ್ಡ ಬರುತ್ತದೆ. ಹೇಳಿದ್ದು ನ್ಯಾಯವೇ. ಆದರೆ ಆ ಹೊತ್ತಿಗೆ, ಆ ಜಾಗದಲ್ಲಿ, ಆ ಮಾತು ಯಾರಿಗೂ ಉಪಕಾರ ಮಾಡಲಿಲ್ಲ.

ಬ್ಯಾಂಕಿಗೇ ಒಂದು ತಿರುಗಿಸಿ ಕೊಡಬಹುದಿತ್ತು ಅಂತ ನಮ್ಮ ಮನೆಯವಳು ಆಮೇಲೆ ಹೇಳಿದಳು. ಅವನ ತಲೆಯಲ್ಲಿ ಕೂದಲು ಕಡಿಮೆ, ಸಾಮಗ್ರಿಗೇನೂ ಕೊರತೆ ಇಲ್ಲ. ಆದರೆ ಹಾಗೆ ಮಾಡಿದರೆ ಪೆಟ್ಟು ತಿಂದವರು ಇಬ್ಬರಾಗುತ್ತಿದ್ದರು. ಆಮೇಲೆ ಸುಮ್ಮನಿರುವ ಜನ ಬ್ಯಾಂಕು ಅಲ್ಲ. ಮುಂದಿನ ಏಟು ಪುನಃ ತೋಟನಿಗೇ ಬೀಳುತ್ತಿತ್ತು, ಯಾಕೆಂದರೆ ಜಗಳದ ಮೂಲ ಅವನೇ ಆಗುತ್ತಿದ್ದ.

ಪರಿಸ್ಥಿತಿ ಉಳಿಸಿದ್ದು ಜೀಪು. ಅವನು ಎಲ್ಲಿಯೂ ಜಾಸ್ತಿ ಮಾತಾಡುವವನಲ್ಲ. ಕೈಯಲ್ಲಿದ್ದ ತೊಳೆಯಿಂದ ಬೇಳೆ ತೆಗೆಯುತ್ತಾ, ತಲೆ ಎತ್ತದೆ ಹೇಳಿದ:

‘ದುಭಾಷಿ ಸಿಗುವುದಾದರೆ ನಂಗೂ ಒಂದು ಬೇಕಿತ್ತು. ಕಳೆದ ತಿಂಗಳು ನಾನು ಒಬ್ಬನೇ ಹೋದದ್ದು. ಗೋಡೆಗೆ ಒಂದು ತುಂಬಿಸಿದ ಫಾರ್ಮ್ ಅಂಟಿಸಿದ್ರು, ಮಾದರಿಗೆ. ನೋಡಿ ನೋಡಿ ಬರೆದೆ. ಅಕ್ಷರ ಚಂದ ಬಂತು. ಕೌಂಟರಿನವ ಕೇಳ್ತಾನೆ, ನಿಮ್ಮ ಹೆಸರು ಕುಞಿರಾಮನ್ನಾ ಅಂತ. ಗೋಡೆಯವನ ಹೆಸರನ್ನೂ ಬರೆದು ಬಂದಿದ್ದೆ.’

ಮೊದಲು ನಕ್ಕದ್ದು ತೋಟ. ಈ ಸಲ ತಡ ಆಗಲಿಲ್ಲ, ಎಣ್ಣೆ ಬಟ್ಟಲು ಅಲ್ಲಾಡುವಷ್ಟು ನಕ್ಕ. ಬ್ಯಾಂಕು ನಕ್ಕ. ನಾನೂ ನಕ್ಕೆ, ಸ್ವಲ್ಪ ನಾಚಿಕೆಯಲ್ಲಿ. ಜೀಪು ಹುಡುಗಿಯ ಕಡೆ ತಿರುಗಿ ಕೇಳಿದ: ‘ಮಗಾ, ಒಂದು ಫಾರ್ಮಿಗೆ ಎಷ್ಟು ತೆಗೊಳ್ತಿ?’

ಅವಳು ಒಂದು ಕ್ಷಣ ಲೆಕ್ಕ ಹಾಕಿದಳು. ‘ಮಾಮನಿಗೆ ಐವತ್ತು. ಅಪ್ಪನಿಗೆ ಫ್ರೀ.’

ಜೀಪು ಏನು ಮಾಡಿದ ಅಂತ ನಾನು ಆಮೇಲೆ ತುಂಬಾ ಯೋಚಿಸಿದ್ದೇನೆ. ಅವನು ತಮಾಷೆಯನ್ನು ನಿಲ್ಲಿಸಲಿಲ್ಲ. ಬ್ಯಾಂಕಿನ ಶಬ್ದವನ್ನೇ ಎತ್ತಿಕೊಂಡ. ‘ದುಭಾಷಿ’ ಎಂಬುದು ತೋಟನ ಕೊರತೆಯಾಗಿತ್ತು, ಇವನ ಬಾಯಲ್ಲಿ ಅದು ಎಲ್ಲರಿಗೂ ಬೇಕಾದ ಸೌಕರ್ಯ ಆಯಿತು. ತನ್ನ ಕತೆಯನ್ನು ತೋಟನ ಕತೆಯ ಪಕ್ಕದಲ್ಲಿ ಇಟ್ಟ. ಒಬ್ಬನೇ ನಿಂತಿದ್ದ ಜಾಗದಲ್ಲಿ ಈಗ ಇಬ್ಬರು. ಇಬ್ಬರಿರುವಲ್ಲಿ ನಾಚಿಕೆ ಅರ್ಧ ಆಗುವುದಲ್ಲ, ಹೆಚ್ಚುಕಡಿಮೆ ಹೋಗಿಯೇ ಬಿಡುತ್ತದೆ. ತೋಟನನ್ನು ಅವನು ನೋಡಲೂ ಇಲ್ಲ. ನೋಡಿ ಹೇಳಿದ್ದರೆ ಸಮಾಧಾನ ಮಾಡಿದ ಹಾಗೆ ಇರುತ್ತಿತ್ತು.

ಇನ್ನೊಂದು ಸೂಕ್ಷ್ಮ ಉಂಟು. ಅವನ ಕತೆ ತೋಟನದ್ದಕ್ಕಿಂತ ಒಂದು ತೂಕ ಹೆಚ್ಚು ಅವಮಾನದ್ದು. ಮಗಳನ್ನು ಕರೆದುಕೊಂಡು ಹೋದವ ಬುದ್ಧಿವಂತ, ಒಬ್ಬನೇ ಹೋದವ ಪೆದ್ದ ಅಂತ ತೀರ್ಮಾನ ತಾನಾಗಿ ಬಂತು, ಯಾರೂ ಹೇಳಬೇಕಾಗಲಿಲ್ಲ. ಸಣ್ಣ ಕತೆ ತಂದಿದ್ದರೆ, ಉದಾಹರಣೆಗೆ ‘ನಂಗೂ ಮಲಯಾಳ ಅಷ್ಟಕ್ಕಷ್ಟೇ’ ಅಂತ ಮಾತ್ರ ಅಂದಿದ್ದರೆ, ಅದು ಕನಿಕರವಾಗಿ ಕೇಳುತ್ತಿತ್ತು. ಅದು ನಿಜವಾಗಿರಬೇಕು ಅನ್ನುವುದೂ ಮುಖ್ಯ. ಆ ಹೊತ್ತಿಗೆ ಕಟ್ಟಿದ ಕತೆ ಹಳೇ ಸ್ನೇಹಿತರ ನಡುವೆ ಒಂದು ನಿಮಿಷ ಬಾಳುವುದಿಲ್ಲ. ಹುಡುಗಿಯ ಹತ್ತಿರ ಕೇಳಿದ ಪ್ರಶ್ನೆಯಂತೂ ನನಗೆ ಈಗಲೂ ಆಶ್ಚರ್ಯ. ಅಪ್ಪನನ್ನು ನೋಡಿ ನಕ್ಕದ್ದಕ್ಕೆ ಒಳಗೇ ಕುಗ್ಗಿದ್ದ ಮಗುವಿಗೆ ಅಪ್ಪನ ಪಕ್ಷಕ್ಕೆ ದಾಟಲಿಕ್ಕೆ ಒಂದು ಸಂಕ ಹಾಕಿಕೊಟ್ಟ. ದಾಟಿದ್ದು ಅವಳೇ.

ಬ್ಯಾಂಕಿಗೂ ಅದರಿಂದ ಇಳಿಯಲಿಕ್ಕೆ ಜಾಗ ಸಿಕ್ಕಿತು, ಆದರೆ ಅದು ಪೂರ್ತಿ ಆದದ್ದು ಮತ್ತೆರಡು ನಿಮಿಷದ ಮೇಲೆ. ಹುಡುಗಿ ಧೈರ್ಯ ಬಂದು, ‘ಅದು ವಳಿ ಅಲ್ಲ, ವೞಿ’ ಅಂತ ಹೇಳಿಕೊಟ್ಟಳು. ಆರು ಜನ ಗಂಡಸರು ಬಾಯಲ್ಲಿ ಹಲಸಿನ ತೊಳೆ ಇಟ್ಟುಕೊಂಡು ನಾಲಿಗೆ ಮಡಚಲಿಕ್ಕೆ ಹೊರಟೆವು. ಯಾರಿಗೂ ಬರಲಿಲ್ಲ. ಬ್ಯಾಂಕಿನದ್ದು ‘ವರಿ’ ಆಯಿತು, ನನ್ನದು ‘ವಯಿ’. ಒಬ್ಬನ ನಾಲಿಗೆ ನಮ್ಮೆಲ್ಲರ ನಾಲಿಗೆ ಆಯಿತು. ಬ್ಯಾಂಕಿಗೆ ಯಾರೂ ಏನೂ ಹೇಳದೆಯೇ ಅವನೂ ಸಾಲಿನಲ್ಲಿ ಬಂದು ನಿಂತಿದ್ದ.

ಆಗ ನನಗೆ ಒಂದು ಮಾತು ಸೇರಿಸಲಿಕ್ಕೆ ಅವಕಾಶ ಸಿಕ್ಕಿತು. ಆ ಅಕ್ಷರ ನಮ್ಮಲ್ಲೂ ಇತ್ತು. 941ರಲ್ಲಿ ಪಂಪ ಬರೆಯುವಾಗ ಕನ್ನಡದಲ್ಲಿ ‘ೞ’ ಇತ್ತು. ‘ಬೞಿ’ ಅಂದರೆ ಹಳಗನ್ನಡದಲ್ಲಿಯೂ ದಾರಿಯೇ. 13ನೇ ಶತಮಾನದ ಕೇಶಿರಾಜನ ಕಾಲಕ್ಕೆ ಜನ ‘ಳ’ಕ್ಕೂ ‘ೞ’ಕ್ಕೂ ವ್ಯತ್ಯಾಸ ಮರೆಯುತ್ತಿದ್ದರು. ಯಾವ ಶಬ್ದದಲ್ಲಿ ಯಾವುದು ಅಂತ ಅವನು ಪಟ್ಟಿ ಮಾಡಿ ಹೇಳಬೇಕಾಯಿತು. ಇಷ್ಟನ್ನೂ ಹೇಳಬೇಕು ಅಂತ ನಾಲಿಗೆ ತುರಿಸಿತು. ಆದರೆ ಒಂದು ಸಲ ಮಾಷ್ ಆಗಿ ಕೆಟ್ಟಿದ್ದೆನಲ್ಲ. ‘ಪಂಪನಿಗೆ ಬರ್ತಿತ್ತು ಮಾರಾಯ, ನಾವು ನಡುವಿನಲ್ಲಿ ಎಲ್ಲೋ ಬೀಳಿಸಿಕೊಂಡದ್ದು’ ಅಂತ ಅಷ್ಟೇ ಅಂದೆ. ಅದಕ್ಕೆ ತೋಟ, ‘ಹಾಗಾದ್ರೆ ಪಂಪ ಕೋಝಿಕ್ಕೋಡಿಗೆ ಹೋಗಿದ್ರೆ ಕೆಲಸ ಸಿಗ್ತಿತ್ತು’ ಅಂದ. ತೋಟ ತಾನೇ ತಮಾಷೆ ಮಾಡಿದ ಅಂತಾದಾಗ ನಾನು ಹಲಸಿನ ಹಣ್ಣಿಗೆ ಕೈ ಹಾಕಿದೆ.

ಆದರೆ ಪ್ರಕರಣ ಅಲ್ಲಿಗೆ ಮುಗಿಯಲಿಲ್ಲ. ಜಗಲಿಯಲ್ಲಿ ಆದದ್ದು ಆ ಸಂಜೆಗೆ ಮದ್ದು, ಅಷ್ಟೇ. ಬಾಲ ಸೇರಿಸಿದ್ದು ಯಾಕೆ ತಪ್ಪಿತು ಅಂತ ಬ್ಯಾಂಕಿಗೆ ಗೊತ್ತಾಗದಿದ್ದರೆ ಮುಂದಿನ ಸಲ ಇನ್ನೊಂದು ಬಾಲ ಬರುತ್ತದೆ. ಮರುದಿನ ಸಂಜೆ ಬದಿಯಡ್ಕ ಪೇಟೆಯಲ್ಲಿ ಅವನು ಸಿಕ್ಕಿದ. ಚಾ ಕುಡಿಯುತ್ತಾ, ಮೊದಲು ನನ್ನದನ್ನೇ ಹೇಳಿದೆ.

‘ನಿನ್ನೆ ನಾನು ಎಲ್ಲರೆದುರು ಹಾಗೆ ಹೇಳಬಾರದಿತ್ತು.’

‘ಅಲ್ಲ ಮಾಷೇ, ಅವನೇ ಹೇಳುವ ಕತೆ ಅಲ್ವಾ ಅದು? ನಾನೇನು ಹೊಸತು ಹೇಳಿದ್ದಾ?’

‘ವಳಿದು ಅಲ್ಲ. ಆಫೀಸಿಗೆ ಮಗಳನ್ನು ಕರಕೊಂಡು ಹೋದದ್ದು. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನಿನಗೆ ಯಾರು ಹೇಳಿದ್ದು?’

ಅವನು ಗ್ಲಾಸು ಕೆಳಗಿಟ್ಟ. ‘ಅವನೇ. ಬ್ಯಾಂಕಿಗೆ ಬಂದಾಗ.’ ಸ್ವಲ್ಪ ಹೊತ್ತು ಬಿಟ್ಟು, ‘ನಾನು ಸುಮ್ನೆ ಹೇಳಿದ್ದು, ಮಾರಾಯ’ ಅಂದ.

ಅವನು ಸುಳ್ಳು ಹೇಳಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜಸ್ಟಿನ್ ಕ್ರೂಗರ್ ಮತ್ತು ಜತೆಗಾರರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಇದನ್ನೇ. ಚುಡಾಯಿಸುವವರು ತಮ್ಮ ತಮಾಷೆಯನ್ನು ತಮ್ಮ ಉದ್ದೇಶದ ಮೇಲೆ ಅಳೆಯುತ್ತಾರೆ. ಉದ್ದೇಶ ಒಳ್ಳೆಯದೇ ಇರುತ್ತದೆ, ಹಾಗಾಗಿ ತಮಾಷೆಯೂ ಮೆತ್ತಗೆ ಕಾಣುತ್ತದೆ. ತಿಂದವರಿಗೆ ಉದ್ದೇಶ ಕಾಣುವುದಿಲ್ಲ, ಮಾತು ಮಾತ್ರ ಕೇಳುತ್ತದೆ. ಆದ್ದರಿಂದ ಬ್ಯಾಂಕಿನ ಹತ್ತಿರ ‘ನೀನು ಅವನನ್ನು ಅವಮಾನ ಮಾಡಿದೆ’ ಅಂದರೆ ಪ್ರಯೋಜನ ಇಲ್ಲ. ಅವನು ಮಾಡಲಿಲ್ಲ, ಮಾಡಬೇಕು ಅಂತ ಇರಲೂ ಇಲ್ಲ. ಅವನಿಗೆ ಕಾಣದಿದ್ದ ಒಂದು ಸಂಗತಿ ತೋರಿಸಿದರೆ ಸಾಕು. ನಾನು ತೋರಿಸಿದ್ದು ಒಂದೇ: ‘ಹುಡುಗಿ ನಗು ನಿಲ್ಲಿಸಿದ್ದು ನೋಡಿದ್ಯಾ ನೀನು?’ ಅವನು ನೋಡಿರಲಿಲ್ಲ. ಕತೆ ಹೇಳುವವರು ನಗುವವರನ್ನೇ ನೋಡುತ್ತಾರೆ. ಕ್ಷಮೆ ಕೇಳು ಅಂತ ನಾನು ಹೇಳಲಿಲ್ಲ, ಅವನು ಕೇಳಿದ ಅಂತಲೂ ನನಗೆ ಅನ್ನಿಸುವುದಿಲ್ಲ. ನಮ್ಮ ಪ್ರಾಯದ ಗಂಡಸರಲ್ಲಿ ಕ್ಷಮೆ ಬೇರೆ ವೇಷದಲ್ಲಿ ಬರುತ್ತದೆ. ಮುಂದಿನ ವಾರ ಕನ್ನಡದ ಫಾರ್ಮ್‌ಗಳ ಒಂದು ಕಟ್ಟು ಎಲ್ಲಿಂದಲೋ ಹುಡುಕಿ ತಂದು ತೋಟನ ಬೈಕಿನ ಸೀಟಿನ ಮೇಲೆ ಇಟ್ಟು ಹೋಗಿದ್ದನಂತೆ.

ತೋಟನಿಗೆ ನಾನು ಎರಡು ದಿನ ಬಿಟ್ಟು ಫೋನ್ ಮಾಡಿದೆ, ಕೊಳೆರೋಗಕ್ಕೆ ಮದ್ದು ಬಿಡುವವರು ಸಿಕ್ಕಿದರಾ ಅಂತ ಕೇಳಲಿಕ್ಕೆ. ‘ಬೇಜಾರಾಯ್ತಾ’ ಅಂತ ಕೇಳಲಿಲ್ಲ. ಆ ಪ್ರಶ್ನೆಗೆ ‘ಇಲ್ಲ’ ಅನ್ನುವುದೊಂದೇ ಉತ್ತರ. ಮದ್ದಿನ ಮಾತು ಮುಗಿದ ಮೇಲೆ ಅವನೇ ಹೇಳಿದ: ‘ಬೈಕಿನಲ್ಲಿ ಬರುವಾಗ ಮಗಳು ಕೇಳಿದಳು, ನಾನು ನಕ್ಕದ್ದಕ್ಕೆ ನಿಂಗೆ ಸಿಟ್ಟು ಬಂತಾ ಅಪ್ಪ ಅಂತ.’ ನೀನು ಏನು ಹೇಳಿದೆ ಅಂದೆ. ‘ಬಂತು, ಸ್ವಲ್ಪ ಅಂದೆ.’ ನಮಗೆ ಹೇಳದ ನಿಜವನ್ನು ಮಗಳಿಗೆ ಹೇಳಿದ್ದ.

ಜೀಪಿನ ಉಪಾಯ ಎಲ್ಲ ಕಡೆ ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ನಡೆಯದ್ದನ್ನೂ ನೋಡಿದ್ದೇನೆ. ಒಂದು ಮದುವೆಯ ಚಪ್ಪರದಲ್ಲಿ, ಮಕ್ಕಳಾಗದ ಒಬ್ಬ ಸ್ನೇಹಿತನಿಗೆ ‘ನಿಂಗೆ ಎಂಥ ಖರ್ಚು ಮಾರಾಯ’ ಅಂತ ಒಬ್ಬರು ನಗೆಯಾಡಿದರು. ಪಕ್ಕದವ ಒಳ್ಳೆಯ ಮನಸ್ಸಿನಿಂದಲೇ ತನ್ನ ಮಕ್ಕಳ ಫೀಸಿನ ಗೋಳು ತೆಗೆದ, ‘ನೀನೇ ಪುಣ್ಯವಂತ’ ಅಂದ. ಗಾಯಕ್ಕೆ ಉಪ್ಪು ಬಿತ್ತು. ಅವನ ಹತ್ತಿರ ಪಕ್ಕದಲ್ಲಿ ಇಡಲಿಕ್ಕೆ ಅದೇ ಜಾತಿಯ ಕತೆ ಇರಲಿಲ್ಲ, ಇದ್ದದ್ದು ಅದರ ವಿರುದ್ಧದ್ದು. ಅಂಥಲ್ಲಿ ಪಕ್ಕ ನಿಲ್ಲಲಿಕ್ಕೆ ಹೋಗಬಾರದು. ಎಲೆ ಹಾಕಿದ್ದಾರೆ, ಬಾ ಅಂತ ಕೈ ಹಿಡಿದು ಎಬ್ಬಿಸುವುದೇ ಸರಿ. ಜಾತಿ, ಮೈಬಣ್ಣ, ಮನೆಯ ಸಾಲ ಇವುಗಳ ಮೇಲಿನ ತಮಾಷೆಗೂ, ಬೇಡ ಅಂತ ಒಮ್ಮೆ ಹೇಳಿದ ಮೇಲೂ ಬರುವ ತಮಾಷೆಗೂ ನಗು ಉಳಿಸುವ ಯೋಚನೆಯೇ ಬೇಡ. ‘ಅದು ಬೇಡ’ ಅಂತ ಮೆಲ್ಲಗೆ, ನೇರ ಹೇಳಬೇಕು. ಸಂಜೆ ಹಾಳಾದರೆ ಆಗಲಿ.

ಜುಲೈಯಲ್ಲಿ ಪುನಃ ಸೇರಿದೆವು. ಮಳೆ ಹಿಡಿದಿತ್ತು, ಜಗಲಿ ಒದ್ದೆ, ಒಳಗೆ ಕೂತಿದ್ದೆವು. ಹಲಸಿನ ಹಪ್ಪಳ ಸುಟ್ಟು ತಂದಿಟ್ಟರು. ಹೊಸಬ ಒಬ್ಬ ಇದ್ದ, ಜೀಪಿನ ಭಾವ. ಯಾರೋ ಕೋಝಿಕ್ಕೋಡಿನ ಹೆಸರು ಎತ್ತಿದರು. ಬ್ಯಾಂಕು ಬಾಯಿ ತೆರೆದ, ತೋಟನನ್ನು ನೋಡಿದ, ಒಂದು ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡ.

‘ನೀನು ಹೇಳು’ ಅಂದ.

ತೋಟ ಮುಖ ಗಂಭೀರ ಮಾಡಿಕೊಂಡ. ‘ಇಂಟರ್‌ವ್ಯೂಗೆ ಹೋಗಿದ್ದೆ’ ಅಂತ ಶುರು ಮಾಡಿದ.